ವಿಮಾನ ಮೊದಲು ಇಳಿಯೋದು ಜಿದ್ದಾದಲ್ಲೋ, ಮದೀನಾದಲ್ಲೋ?

ಪ್ರಶ್ನೆ: ನಾವು ಸಿಂಧನೂರಿನವರು. ಅಬ್ಬಾ, ಅಮ್ಮಿ ಹಜ್ ಕಮಿಟಿ ಮೂಲಕ ಮೊದಲ ಸಲ ಹಜ್‌ಗೆ ಹೊರಟಿದ್ದಾರೆ. ಬುಕಿಂಗ್, ಲಸಿಕೆ, ಇಹ್ರಾಮ್, ಗುಂಪಿನ ನಿಯಮ ಇದರಲ್ಲೆಲ್ಲ ಏನು ನೋಡ್ಕೋಬೇಕು?

ನಾನು ಗಂಗಾವತಿಯವನು. ನಮ್ಮ ಅಬ್ಬಾ ಜೊತೆ ನಾನೂ ಹೋಗಿದ್ದೆ. ಹೆಚ್ಚಿನವರು ಎಡವೋದು ಇಹ್ರಾಮ್ ವಿಷಯದಲ್ಲಿ, ಅಂದರೆ ಹಜ್‌ಗೆ ಗಂಡಸರು ಉಡುವ ಹೊಲಿಗೆ ಇಲ್ಲದ ಎರಡು ಬಟ್ಟೆ, ಅದರ ಜೊತೆಗಿನ ನಿಯಮಗಳಲ್ಲಿ. ಅದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಅದಕ್ಕೂ ಮೊದಲು ಬುಕಿಂಗ್. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು, ಹಜ್ ಸುವಿಧಾ ಆ್ಯಪ್‌ನಲ್ಲೂ ಆಗುತ್ತೆ. ಅಬ್ಬಾ, ಅಮ್ಮಿ ಇಬ್ಬರ ಹೆಸರೂ ಒಂದೇ ಕವರ್‌ನಲ್ಲಿ ಇದೆಯಾ ನೋಡಿ. ಕವರ್ ಅಂದರೆ ಒಟ್ಟಿಗೆ ಹೋಗುವವರ ಒಂದೇ ಅರ್ಜಿ. ಕುರ್ರಾ, ಅಂದರೆ ಚೀಟಿ ಎತ್ತುವಾಗ ಕವರ್‌ನಲ್ಲಿ ಇರುವವರೆಲ್ಲ ಒಟ್ಟಿಗೇ ಆಯ್ಕೆ ಆಗ್ತಾರೆ. ಬೇರೆ ಬೇರೆ ಕವರ್ ಆದರೆ ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದೇ ಹೋಗಬಹುದು. ಇಬ್ಬರಿಗೂ ಸಿಕ್ಕರೂ ವಿಮಾನ, ಬಿಲ್ಡಿಂಗ್ ಬೇರೆ ಆಗಬಹುದು.

ಲಸಿಕೆ ಮೆನಿಂಜೈಟಿಸ್‌ದು, ಕಡ್ಡಾಯ. ಸೌದಿ ತಲುಪುವ ಕನಿಷ್ಠ 10 ದಿನ ಮೊದಲೇ ಹಾಕಿಸಿರಬೇಕು, ಯಾಕಂದ್ರೆ ಮೈಯಲ್ಲಿ ರೋಗ ತಡೆಯೋ ಶಕ್ತಿ ಬರೋಕೆ ಅಷ್ಟು ದಿನ ಬೇಕು. ಜಿಲ್ಲೆಯಲ್ಲಿ ತರಬೇತಿ ಶಿಬಿರ ಇಟ್ಟಾಗ ಅಲ್ಲೇ ಹಾಕ್ತಾರೆ, ಪೋಲಿಯೋ ಹನಿನೂ ಕೊಡ್ತಾರೆ. ನಮ್ಮ ಅಬ್ಬಾಗೆ ಒಂದು ದಿನ ತೋಳು ನೋವಿತ್ತು, ಅಷ್ಟೇ. ಕಾರ್ಡ್ ಮೇಲೆ ದಿನಾಂಕ, ಸಹಿ, ಮುದ್ರೆ ಮೂರೂ ಇವೆಯಾ ಅಂತ ಅಲ್ಲೇ ನಿಂತು ನೋಡಿ. ಅದನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲಿ ಇರಲಿ.

ಈಗ ಇಹ್ರಾಮ್. ವಿಮಾನ ಮೊದಲು ಎಲ್ಲಿ ಇಳಿಯುತ್ತೆ ಅಂತ ಕೇಳಿಕೊಳ್ಳಿ. ಮದೀನಾ ಮೊದಲಾದರೆ ಮನೆ ಬಟ್ಟೆಯಲ್ಲೇ ಹೋಗಲಿ. ಮುಂದೆ ಮದೀನಾದಿಂದ ಮಕ್ಕಾಗೆ ಹೊರಡುವಾಗ ಕೋಣೆಯಲ್ಲೇ ಸ್ನಾನ ಮಾಡಿ ಉಟ್ಟುಕೊಂಡು, ಊರಾಚೆ ಇರುವ ಜುಲ್ ಹುಲೈಫಾದಲ್ಲಿ ನಿಯತ್, ಅಂದರೆ ಸಂಕಲ್ಪ ಮಾಡ್ತಾರೆ. ಜಿದ್ದಾ ಮೊದಲಾದರೆ ಹಾಗಲ್ಲ. ಇಹ್ರಾಮ್ ಇಲ್ಲದೆ ದಾಟಬಾರದ ಮೀಖಾತ್ ಗಡಿ ಆಕಾಶದಲ್ಲೇ ದಾಟಿ ಹೋಗುತ್ತೆ. ಅದಕ್ಕೇ ಬೆಂಗಳೂರಲ್ಲೇ ಉಟ್ಟುಕೊಂಡು ಹತ್ತಬೇಕು, ಗಡಿ ಬರುವ ಮೊದಲೇ ನಿಯತ್ ಮಾಡಿ 'ಲಬ್ಬೈಕ್' ಅನ್ನುವ ತಲ್ಬಿಯಾ ಹೇಳಬೇಕು. ಇಹ್ರಾಮ್ ಇಲ್ಲದೆ ದಾಟಿದರೆ ವಾಪಸ್ ಮೀಖಾತ್‌ಗೆ ಹೋಗಬೇಕು, ಇಲ್ಲಾಂದ್ರೆ ದಮ್ ಅಂತ ಒಂದು ಕುರಿ ಕೊಡಬೇಕಾಗುತ್ತೆ.

ನಮ್ಮದು ಜಿದ್ದಾ ವಿಮಾನ. ಕುಷ್ಟಗಿ ಕಡೆಯ ಒಬ್ಬ ಹಿರಿಯರು ಇಹ್ರಾಮನ್ನು ದೊಡ್ಡ ಸೂಟ್‌ಕೇಸ್‌ನಲ್ಲಿ ಮಡಚಿ ಇಟ್ಟಿದ್ದರು. ಬೆಂಗಳೂರಿನ ಹಜ್ ಭವನದಲ್ಲಿ ಸೂಟ್‌ಕೇಸ್ ಒಪ್ಪಿಸಿ ಆಗಿತ್ತು. ಸ್ನಾನ ಮಾಡಿ ಬಂದ ಮೇಲೆ ನೆನಪಾಯ್ತು, ಮುಖ ಬಿಳಚಿಕೊಂಡಿತ್ತು. ಅಬ್ಬಾ ತಮ್ಮ ಎರಡನೇ ಜೊತೆ ತೆಗೆದು ಅವರ ಹೆಗಲಿಗೆ ಹಾಕಿದರು. ಹಾಗಾಗಿ ಎರಡು ಜೊತೆ ಒಯ್ಯಿರಿ, ಜಿದ್ದಾ ವಿಮಾನವಾದರೆ ಒಂದು ಜೊತೆ ಕೈಚೀಲದಲ್ಲೇ ಇರಲಿ.

'ಹೊಲಿಗೆ ಇಲ್ಲದ ಬಟ್ಟೆ' ಅಂದರೆ ಮೈ ಅಳತೆಗೆ ಹೊಲಿದದ್ದು ಆಗಬಾರದು ಅಂತ. ಅಂಚು ಮಡಚಿ ಹೊಲಿದಿದ್ದರೆ ತೊಂದರೆ ಇಲ್ಲ. ಟವೆಲ್ ಥರದ ದಪ್ಪ ಬಟ್ಟೆಗಿಂತ ತೆಳು ಕಾಟನ್ ವಾಸಿ, ಬೆವರಿಗೆ ದಪ್ಪದ್ದು ಭಾರ ಆಗುತ್ತೆ. ಮನೆಯಲ್ಲೇ ನಾಲ್ಕು ದಿನ ಉಡಿಸಿ ನೋಡಿ. ಲುಂಗಿ ಉಡುವವರು ಕಾಲು ಜೋಡಿಸಿ ಸುತ್ತಿಬಿಡ್ತಾರೆ, ಆಮೇಲೆ ಬಸ್ ಮೆಟ್ಟಿಲು ಹತ್ತೋಕೆ ಆಗಲ್ಲ. ಕಾಲು ಸ್ವಲ್ಪ ಅಗಲಿಸಿ ನಿಂತು ಸುತ್ತಬೇಕು, ಮೇಲೆ ಬೆಲ್ಟ್ ಕಟ್ಟಬಹುದು. ಒಳಉಡುಪು ಇರಲ್ಲ, ಕಾಬಾ ಸುತ್ತ ಏಳು ಸುತ್ತು ತವಾಫ್, ಸಫಾ ಮರ್ವಾ ನಡುವೆ ಏಳು ಸಲ ಸಯೀ ನಡೆಯುವಷ್ಟರಲ್ಲಿ ತೊಡೆ ಉಜ್ಜಿ ಉರಿಯುತ್ತೆ. ವಾಸನೆ ಇಲ್ಲದ ವ್ಯಾಸಲೀನ್ ಹಚ್ಚಿಕೊಳ್ಳಲಿ. ನಿಯತ್ ಆದ ಮೇಲೆ ಸುವಾಸನೆ ಸೋಪು, ಅತ್ತರು ಬೇಡ, ಕೂದಲು, ಉಗುರು ಕತ್ತರಿಸುವ ಹಾಗಿಲ್ಲ. ಅಮ್ಮಿಗೆ ಬೇರೆ ಬಟ್ಟೆ ಬೇಡ, ತಮ್ಮ ಸಾದಾ ಬಟ್ಟೆಯೇ ಸಾಕು. ಆದರೆ ನಖಾಬ್, ಕೈಗವಸು ಹಾಕುವಂತಿಲ್ಲ.

ಗುಂಪಿನಲ್ಲಿ ಒಂದೇ ಮಾತು: ಅಲ್ಲಿ ಕೊಡುವ ನುಸುಕ್ ಗುರುತಿನ ಕಾರ್ಡ್ ಕೊರಳಿಂದ ತೆಗೆಯಬಾರದು. ಅದಿಲ್ಲದೆ ಪವಿತ್ರ ಸ್ಥಳಗಳಿಗೆ ಬಿಡಲ್ಲ. ಬಿಲ್ಡಿಂಗ್ ನಂಬರ್, ಗುಂಪಿನ ಮುಖ್ಯಸ್ಥರ ಫೋನ್ ನಂಬರ್ ಕಾಗದದಲ್ಲಿ ಬರೆದು ಇಬ್ಬರ ಬಳಿಯೂ ಇಡಿ. ಮಿನಾದಲ್ಲಿ ಡೇರೆಗಳೆಲ್ಲ ಒಂದೇ ಥರ ಬೆಳ್ಳಗಿರುತ್ತವೆ. ಅಬ್ಬಾ ವಜೂ ಮಾಡಲು ಹೋದವರು ದಾರಿ ತಪ್ಪಿದ್ದರು, ಮೊಬೈಲ್ ಚಾರ್ಜ್ ಮುಗಿದಿತ್ತು. ಯಾರೋ ಆ ಚೀಟಿ ನೋಡಿ ಮುಖ್ಯಸ್ಥರಿಗೆ ಫೋನ್ ಮಾಡಿದರು, ಅವರೇ ಹೋಗಿ ಕರಕೊಂಡು ಬಂದರು.