ತಿಂಗಳಿಗೆ ಹತ್ತು ಪರ್ಸೆಂಟ್ ಬೇಡ ಅಂದೆ, ದಿನಕ್ಕೆ ನೂರು ರೂಪಾಯಿ ಪಿಗ್ಮಿ ಕಟ್ಟಿದೆ

ಪ್ರಶ್ನೆ: ಸಣ್ಣ ಅಂಗಡಿ ನನ್ನದು. ಲಕ್ಷ ಹಾಕಿದರೆ ತಿಂಗಳಿಗೆ ಹತ್ತು ಸಾವಿರ ಕೊಡ್ತೀವಿ ಅಂತ ಗುರುತಿನವರೇ ಹೇಳ್ತಿದ್ದಾರೆ, ಅವರಿಗೆ ಬರ್ತಾನೂ ಇದೆ. ಹಾಕಬಹುದಾ?

ಹಾಕಬೇಡಿ. ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ, ನನ್ನ ಹತ್ತಿರಕ್ಕೂ ಇದೇ ಮಾತು ಬಂದಿತ್ತು. ತಂದವರು ನನ್ನ ಖಾಯಂ ಗಿರಾಕಿ, ಮಗಳ ಮದುವೆ ಬ್ಲೌಸೆಲ್ಲ ನನ್ನ ಹತ್ತಿರವೇ ಹೊಲಿಸಿದವರು. ಫೋನ್ ತೆಗೆದು ಬ್ಯಾಂಕಿನ ಮೆಸೇಜ್ ತೋರಿಸಿದರು, ತಿಂಗಳು ತಿಂಗಳು ಹತ್ತು ಸಾವಿರ ಜಮಾ. ಮೆಸೇಜ್ ಸುಳ್ಳಲ್ಲ, ಅವರು ಮೋಸ ಮಾಡುವವರೂ ಅಲ್ಲ.

ನಾನು ಕೇಳಿದ್ದು ಒಂದೇ. "ಅಕ್ಕಾ, ಈ ದುಡ್ಡಲ್ಲಿ ಅವರು ಏನು ವ್ಯಾಪಾರ ಮಾಡ್ತಾರೆ?"

"ಅದೇನೋ ಷೇರು, ಚಿನ್ನ ಅಂತಾರಮ್ಮ. ನಮಗ್ಯಾಕೆ, ಬರ್ತಿದೆಯಲ್ಲ."

ಅಲ್ಲೇ ನನಗೆ ಸಾಕಾಯಿತು. ಲೆಕ್ಕ ಹಾಕಿ ನೋಡಿ. ವ್ಯಾಪಾರವೇ ಇಲ್ಲ ಅಂದುಕೊಳ್ಳಿ. ಒಬ್ಬ ಹೊಸಬ ತಂದ ಲಕ್ಷದಲ್ಲಿ ಹತ್ತು ಜನ ಹಳಬರಿಗೆ ಒಂದು ತಿಂಗಳು ಕೊಡಬಹುದು. ನೂರು ಜನ ಸೇರಿದ್ದರೆ ತಿಂಗಳಿಗೆ ಹತ್ತು ಜನ ಹೊಸಬರು ಬರಲೇಬೇಕು, ಅವರಿಗೂ ಮುಂದಿನ ತಿಂಗಳಿಂದ ಕೊಡಬೇಕಲ್ವಾ, ಹಾಗಾಗಿ ಪ್ರತಿ ತಿಂಗಳು ಇನ್ನೂ ಜಾಸ್ತಿ ಜನ ಬೇಕು, ಅದಕ್ಕೇ ಹಳಬರ ಕೈಲಿ ಗುರುತಿನವರನ್ನು ಕರೆಸುವುದು. ಆರು ತಿಂಗಳು ಬಂತು ಅಂದರೆ ನಿಮ್ಮದೇ ಲಕ್ಷದಲ್ಲಿ ಅರವತ್ತು ಸಾವಿರ ನಿಮಗೆ ವಾಪಸ್ ಬಂದಿದೆ, ಅಷ್ಟೇ. "ಅವರಿಗೆ ಬರ್ತಾ ಇದೆ" ಅನ್ನುವುದು ಯಾವುದಕ್ಕೂ ಸಾಕ್ಷಿ ಅಲ್ಲ. ಜನರಿಂದ ಠೇವಣಿ ತೆಗೆದುಕೊಳ್ಳಲು ಅವರಿಗೆ ಅನುಮತಿ ಇದೆಯಾ ಅಂತ ರಿಸರ್ವ್ ಬ್ಯಾಂಕಿನ sachet.rbi.org.in ನಲ್ಲಿ ನೋಡಿ, ದೂರನ್ನೂ ಅಲ್ಲೇ ಕೊಡಬಹುದು. ಅನುಮತಿ ಇಲ್ಲದೆ ಹೀಗೆ ದುಡ್ಡು ಎತ್ತುವುದು 2019ರ ಕೇಂದ್ರ ಕಾನೂನಿನ ಪ್ರಕಾರ ಅಪರಾಧ.

ಅಕ್ಕನಿಗೆ ಬೇಜಾರಾಗಬಾರದು ಅಂತ "ನನ್ನ ದುಡ್ಡೆಲ್ಲ ಪಿಗ್ಮಿಗೆ ಹೋಗುತ್ತೆ, ಕೈಯಲ್ಲಿ ಏನೂ ಇಲ್ಲ" ಅಂದೆ. ಅದು ನಿಜವೂ ಆಗಿತ್ತು.

ಪಿಗ್ಮಿ ನಮ್ಮ ಉಡುಪಿ ಕಡೆ 1928ರಲ್ಲಿ ಶುರುವಾದ ಪದ್ಧತಿ, ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಆಗುತ್ತಿತ್ತಂತೆ. ನಮ್ಮಂಥವರಿಗೆ ಇದು ಯಾಕೆ ಸರಿಹೊಂದುತ್ತದೆ ಅಂದರೆ ಟೈಲರ್ ಕೈಗೆ ಸಂಬಳ ಬರುವುದಿಲ್ಲ. ಮದುವೆ ಸೀಸನ್, ದೀಪಾವಳಿಯಲ್ಲಿ ರಾತ್ರಿ ಮಷೀನ್ ನಿಲ್ಲುವುದಿಲ್ಲ, ಆಷಾಢ ಬಂತೆಂದರೆ ಫಾಲ್ಸ್, ಜಿಗ್‌ಜಾಗ್ ಬಿಟ್ಟರೆ ಹೆಚ್ಚು ಕೆಲಸ ಇರುವುದಿಲ್ಲ. ಅಂಗಡಿ ತೆರೆದ ದಿನವೆಲ್ಲ ನೂರು ರೂಪಾಯಿ ಕಟ್ಟುತ್ತೇನೆ. ಗಿರಾಕಿ ಕೊಟ್ಟ ಅಡ್ವಾನ್ಸ್ ಮಾತ್ರ ಬೇರೆ ಡಬ್ಬಿಯಲ್ಲಿ, ಯಾಕೆಂದರೆ ಲೈನಿಂಗ್ ಬಟ್ಟೆ, ಹುಕ್ಕು, ದಾರ ಎಲ್ಲ ಅದರಲ್ಲೇ ತರಬೇಕು, ಅದು ಇನ್ನೂ ನನ್ನ ದುಡಿಮೆ ಅಲ್ಲ.

ಪಿಗ್ಮಿಯಲ್ಲೂ ಎರಡು ವಿಷಯ ನೋಡಲೇಬೇಕು. ದಿನಾ ಅಂಗಡಿಗೆ ಬಂದು ದುಡ್ಡು ತೆಗೆದುಕೊಳ್ಳುವವರು ಅಲ್ಲೇ ಮಷೀನಿನಿಂದ ಚೀಟಿ ಕೊಡಬೇಕು, ಆಗಾಗ ಬ್ಯಾಂಕಿಗೆ ಹೋಗಿ ಚೀಟಿಗೂ ಖಾತೆಗೂ ತಾಳೆ ನೋಡಬೇಕು. "ನಾಳೆ ಎರಡೂ ಚೀಟಿ ಸೇರಿಸಿ ಕೊಡ್ತೀನಿ" ಅಂದರೆ ಸುಮ್ನೆ ಇರಬೇಡಿ. ಇನ್ನೊಂದು, ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ, ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ನಾನು ಕಟ್ಟುವುದು ಬ್ಯಾಂಕಿನಲ್ಲಿ.

ಪಿಗ್ಮಿಗೆ ಬಡ್ಡಿ ಕಡಿಮೆ, ಅದರಲ್ಲೇ ಬಿಟ್ಟರೆ ದುಡ್ಡು ಬೆಳೆಯುವುದಿಲ್ಲ. ಹಾಗಾಗಿ ವರ್ಷ ತುಂಬಿದ ಮೇಲೆ ಬಂದ ಸುಮಾರು ಮೂವತ್ತೊಂದು ಸಾವಿರವನ್ನು ಪೋಸ್ಟ್ ಆಫೀಸ್ ಉಳಿತಾಯ ಖಾತೆಗೆ ಹಾಕಿ, ಅಲ್ಲಿಂದ ತಿಂಗಳಿಗೆ ಎರಡು ಸಾವಿರದ ಆರ್‌ಡಿ ಶುರು ಮಾಡಿದೆ. ಕಳೆದ ವರ್ಷದ ಪಿಗ್ಮಿ ಈ ವರ್ಷದ ಆರ್‌ಡಿ ಕಟ್ಟುತ್ತದೆ, ಆಷಾಢದಲ್ಲಿ ಕೆಲಸ ಇಲ್ಲದಿದ್ದರೂ ಕಂತು ತಪ್ಪುವುದಿಲ್ಲ. ಉಳಿದ ಆರೇಳು ಸಾವಿರ ಆ ಖಾಲಿ ದಿನಗಳ ಅಂಗಡಿ ಬಾಡಿಗೆಗೆ ಇರುತ್ತದೆ. ಆರ್‌ಡಿ ಐದು ವರ್ಷದ್ದು. 6.7 ಪರ್ಸೆಂಟ್ ಬಡ್ಡಿಯಲ್ಲಿ ಕಟ್ಟಿದ 1,20,000ಕ್ಕೆ ಕೊನೆಗೆ ಸುಮಾರು 1,42,700 ಬರುತ್ತದೆ. ಹತ್ತು ಪರ್ಸೆಂಟಿನವರ ಮುಂದೆ ಇದು ಏನೂ ಅಲ್ಲ ಅನ್ನಿಸುತ್ತದೆ, ನನಗೂ ಗೊತ್ತು, ಆದರೆ ಅಸಲು ನನ್ನದಾಗಿಯೇ ಇರುತ್ತದೆ.

ನಡುವೆ ಒಂದು ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಷೀನ್ ಬೇಕಾಯಿತು. ಆರ್‌ಡಿ ಮುರಿಯಲಿಲ್ಲ. ಹನ್ನೆರಡು ಕಂತು ಕಟ್ಟಿ ವರ್ಷ ಆಗಿದ್ದರೆ ಇರುವ ದುಡ್ಡಿನ ಅರ್ಧದವರೆಗೆ ಪೋಸ್ಟ್ ಆಫೀಸಿನವರೇ ಸಾಲ ಕೊಡುತ್ತಾರೆ, ಬಡ್ಡಿ ಆರ್‌ಡಿಗಿಂತ ಎರಡು ಪರ್ಸೆಂಟ್ ಜಾಸ್ತಿ ಅಷ್ಟೇ. ಪಾಸ್‌ಬುಕ್ ಜೊತೆ ಅರ್ಜಿ ಕೊಟ್ಟರಾಯಿತು. ನಿಮ್ಮ ಅಂಗಡಿಗೂ ಲಕ್ಷ ಸಿದ್ಧ ಇದ್ದರೆ ಮೊದಲು ಪೋಸ್ಟ್ ಆಫೀಸಿಗೆ ಹೋಗಿ ಕೇಳಿ, ಗುರುತಿನವರಿಗೆ ಆಮೇಲೆ ಉತ್ತರ ಕೊಡಿ.