ಕುಚ್ಚಿನ ಕೂಲಿ ಕೇಳಲು ನಾಚಿಕೆ

ಹವ್ಯಾಸಕ್ಕೆ ಆರ್ಡರ್ ಬರತೊಡಗುವ ಹೊತ್ತಿಗೆ ಮನೆಯಲ್ಲಿ ಜಗಳ ಶುರುವಾಗುವ ಪ್ರಕರಣಗಳು ಆಪ್ತಸಮಾಲೋಚಕಿಯಾದ ನನ್ನ ಬಳಿ ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಒಂದನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಹುಡುಗಿ ಬೆಂಗಳೂರಿನವಳು, ಬಿ.ಕಾಂ. ಮುಗಿಸಿದ್ದಾಳೆ. ಕಾಲೇಜಿನಲ್ಲಿ ಗೆಳತಿಯರ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಈಗ ನೆಂಟರು, ಅಕ್ಕಪಕ್ಕದವರು ಸೀರೆ ತಂದುಕೊಡುತ್ತಾರೆ. ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕೆಂಬುದು ಅವಳ ಆಸೆ, ತಂದೆ ಒಪ್ಪುತ್ತಿರಲಿಲ್ಲ. ತಂದೆಗೆ ದಿನಸಿ ಅಂಗಡಿಯಿದೆ. "ಅಪ್ಪ ನನ್ನನ್ನ ನಂಬಲ್ಲ ಮೇಡಂ" ಎಂದು ಅತ್ತಳು.

ಮೂರನೆಯ ಭೇಟಿಗೆ ತಂದೆಯನ್ನೂ ಕರೆಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಉದ್ರಿ ಕೊಟ್ಟು ಅನುಭವಿಸಿದವನು. ನೆಂಟರ ಹತ್ರ ಕೇಳೋಕೂ ಆಗಲ್ಲ, ಬಿಡೋಕೂ ಆಗಲ್ಲ. ಇವಳು ರಾತ್ರಿಯೆಲ್ಲ ಕೂತು ಕಟ್ತಾಳೆ, 'ನಿಮಗೆ ತೋಚಿದಷ್ಟು ಕೊಡಿ ಅತ್ತೆ' ಅಂತಾಳೆ. ಆಷಾಢ ಬಂದ್ರೆ ಸೀರೆ ಯಾರು ತರ್ತಾರೆ?"

ಹುಡುಗಿ ತಲೆ ತಗ್ಗಿಸಿದಳು. "ದುಡ್ಡು ಕೇಳೋಕೆ ನಾಚಿಕೆಯಾಗತ್ತಪ್ಪ" ಎಂದಳು.

ಅಲ್ಲೇ ಹಾಳೆ ತೆಗೆದು ಲೆಕ್ಕ ಹಾಕಿಸಿದೆ. ಮಣಿ ಪೋಣಿಸಿದ ಕ್ರೋಶಾ ಕುಚ್ಚಿಗೆ ಅವಳಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ 500 ರೂಪಾಯಿ. ರೇಷ್ಮೆ ದಾರ, ಮಣಿಗೆ 90 ಹೋಗುತ್ತದೆ. ಆರು ಗಂಟೆ ಕೆಲಸ, ಅಂದರೆ ಗಂಟೆಗೆ 70 ರೂಪಾಯಿಯೂ ಇಲ್ಲ. ಸಾದಾ ಗಂಟಿನ ಕುಚ್ಚಿಗೆ 250 ರೂಪಾಯಿ, ಖರ್ಚು 40, ಎರಡೇ ಗಂಟೆ ಕೆಲಸ: ಗಂಟೆಗೆ 105. ಎಲ್ಲರೂ ಹೊಗಳುವ ಕೆಲಸದಲ್ಲೇ ಅವಳಿಗೆ ಕಡಿಮೆ ಸಿಗುತ್ತಿತ್ತು. ತಂದೆಯೂ ಹಾಳೆ ತಮ್ಮ ಕಡೆ ಎಳೆದುಕೊಂಡು ನೋಡಿದರು.

ನಾನು ಕೊಟ್ಟ ಸಲಹೆ ಇಷ್ಟೇ. ಕ್ರೋಶಾ ಕುಚ್ಚಿಗೆ 750 ಎಂದು ಸೀರೆ ತೆಗೆದುಕೊಳ್ಳುವಾಗಲೇ ಹೇಳಬೇಕು. ಅರ್ಧ ಹಣ ಮುಂಗಡ, ಅತ್ತೆಯಾದರೂ ಅಷ್ಟೇ. ಪ್ರತಿ ಸೀರೆಗೆ ಹಿಡಿದ ಗಂಟೆಯನ್ನು ಪುಸ್ತಕದಲ್ಲಿ ಬರೆಯಬೇಕು. ಒಂದು ಆಷಾಢ ದಾಟುವವರೆಗೆ ಕೆಲಸ ಹುಡುಕುವುದನ್ನು ನಿಲ್ಲಿಸಬಾರದು. ಮದುವೆಯ ತಿಂಗಳುಗಳ ಆದಾಯವನ್ನೇ ವರ್ಷದ ಆದಾಯ ಎಂದುಕೊಂಡವರು ಆಷಾಢದಲ್ಲಿ ಕಂಗೆಡುವುದನ್ನು ಕಂಡಿದ್ದೇನೆ.

ಅಳುತ್ತಾ ಬಂದವಳಿಗೆ ಕೂಲಿಯ ಲೆಕ್ಕ ಹೇಳಿದ್ದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸರಿಯೆಂದೇ ನಂಬಿದ್ದೇನೆ. "ಮಗಳನ್ನು ನಂಬಿ" ಎಂದು ತಂದೆಗೆ ಬುದ್ಧಿ ಹೇಳಿ ಕಳಿಸಿದ್ದರೆ ಅವರ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದನ್ನು ಅವಳು ತನ್ನ ಮೇಲಿನ ಅನುಮಾನವೆಂದು ಕೇಳಿಸಿಕೊಂಡಿದ್ದಳು. ಹೆಣ್ಣುಮಕ್ಕಳ ಕೈಕೆಲಸಕ್ಕೆ ಬೆಲೆ ಕೇಳುವುದೇ ತಪ್ಪು ಎಂಬ ಸಂಕೋಚವನ್ನು ಸಮಾಧಾನದ ಮಾತಿನಿಂದ ಬಿಡಿಸಲು ಆಗುವುದಿಲ್ಲ. ಒಮ್ಮೆ ಬಾಯಿಬಿಟ್ಟು ದರ ಹೇಳಿಯೇ ಅದು ಬಿಡಬೇಕು.

ದರ ಹೇಳಿದ ಮೇಲೆ ಇಬ್ಬರು ನೆಂಟರು ಸೀರೆ ವಾಪಸ್ ಒಯ್ದರು. ಆಷಾಢದಲ್ಲಿ ಆರ್ಡರ್ ನಿಜಕ್ಕೂ ಕುಸಿಯಿತು. ಆಗ ಅವಳು ಅರ್ಧ ದಿನದ ಕೆಲಸವೊಂದಕ್ಕೆ ಸೇರಿದಳು. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಸೀರೆಗಳು ಮತ್ತೆ ಬಂದವು, ಮುಂಗಡದ ಜೊತೆಗೆ. ತಂದೆ ಇನ್ನೂ ಪೂರ್ತಿ ಒಪ್ಪಿಲ್ಲ. ತಿಂಗಳ ಕೊನೆಗೆ ಪುಸ್ತಕ ಮಾತ್ರ ಕೇಳಿ ನೋಡುತ್ತಾರೆ.