ಬೇಗ ತೀರಿಸಿದರೆ ಶುಲ್ಕವೇಕೆ?

ಪ್ರಶ್ನೆ: ಮಾನ್ಯರೇ, ನಿಮ್ಮ ಬ್ಯಾಂಕಿನಲ್ಲಿ ಶೇ 14ರ ಬಡ್ಡಿಗೆ 5 ಲಕ್ಷ ರೂಪಾಯಿ ಪರ್ಸನಲ್ ಲೋನ್ ಪಡೆದಿದ್ದೇನೆ. 60 ಕಂತುಗಳಲ್ಲಿ 24 ಕಟ್ಟಿದ್ದೇನೆ, ಒಂದನ್ನೂ ತಪ್ಪಿಸಿಲ್ಲ. ಈಗ ಪೂರ್ತಿ ತೀರಿಸೋಣವೆಂದರೆ ‘ಫೋರ್‌ಕ್ಲೋಷರ್ ಚಾರ್ಜಸ್ ಶೇ 4 ಮತ್ತು ಜಿಎಸ್‌ಟಿ’ ಎಂದು ಆ್ಯಪ್ ತೋರಿಸುತ್ತಿದೆ. ಹಾಗೆಂದರೇನು? ಇದು ದಂಡವೇ?

ಉತ್ತರ: ನಿಮ್ಮಿಂದ ಏನೂ ತಪ್ಪಾಗಿಲ್ಲ, ಹಾಗಾಗಿ ಇದನ್ನು ದಂಡ ಎನ್ನಲಾಗದು. ಅವಧಿಗೆ ಮೊದಲೇ ಸಾಲ ಚುಕ್ತಾ ಆದರೆ ಮುಂದಿನ ಕಂತುಗಳಲ್ಲಿ ಬರಬೇಕಿದ್ದ ಬಡ್ಡಿ ಬ್ಯಾಂಕಿಗೆ ಬರುವುದಿಲ್ಲ. ಆ ನಷ್ಟದಲ್ಲಿ ಒಂದು ಪಾಲನ್ನು ತುಂಬಿಕೊಳ್ಳಲು ಹಾಕುವ ಶುಲ್ಕ ಇದು. ಸಾಮಾನ್ಯವಾಗಿ ಇದನ್ನು ಲೆಕ್ಕ ಹಾಕುವುದು ಇನ್ನೂ ಬಾಕಿ ಇರುವ ಅಸಲಿನ ಮೇಲೆ, ನೀವು ಮೊದಲು ಪಡೆದ 5 ಲಕ್ಷದ ಮೇಲಲ್ಲ. ಆದರೂ ಒಪ್ಪಂದಪತ್ರದಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿಕೊಳ್ಳಿ.

ನಿಮ್ಮದೇ ಲೆಕ್ಕ ನೋಡೋಣ. ತಿಂಗಳ ಕಂತು ಸುಮಾರು 11,634 ರೂಪಾಯಿ. 24 ಕಂತು ಕಟ್ಟಿದ ಮೇಲೂ ಅಸಲು ಸುಮಾರು 3,40,400 ಉಳಿದಿರುತ್ತದೆ, ಏಕೆಂದರೆ ಕೊನೆಯ ಕಂತುಗಳಿಗಿಂತ ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ಹೆಚ್ಚು. ಇದರ ಶೇ 4 ಎಂದರೆ 13,616. ಜಿಎಸ್‌ಟಿ ಬೀಳುವುದು ಈ ಶುಲ್ಕದ ಮೇಲೆ ಮಾತ್ರ, ಅದು ಶೇ 18ರಂತೆ 2,451. ಒಟ್ಟು 16,067. ಉಳಿದ 36 ಕಂತುಗಳನ್ನು ಕಟ್ಟುತ್ತಾ ಹೋದರೆ ಬಡ್ಡಿಗೆಂದೇ ಸುಮಾರು 78,400 ಕೊಡಬೇಕಾಗುತ್ತಿತ್ತು. ಶುಲ್ಕ ಕಳೆದರೂ ನಿಮಗೆ 62,000ದಷ್ಟು ಉಳಿಯುತ್ತದೆ. ಹಣ ಕೈಯಲ್ಲಿದ್ದರೆ, ತುರ್ತಿಗೆ ಬೇಕಾಗುವಷ್ಟನ್ನು ಬದಿಗಿಟ್ಟು, ಈಗಲೇ ತೀರಿಸಿ.

ಇದೇ ಕೆಲಸವನ್ನು ಕೊನೆಯ 6 ಕಂತು ಇರುವಾಗ ಮಾಡಿದರೆ ಲೆಕ್ಕ ತಿರುಗಿಬೀಳುತ್ತದೆ. ಆಗ ಬಾಕಿ ಅಸಲು ಸುಮಾರು 67,000, ಅದಕ್ಕೆ ಶುಲ್ಕ ಮತ್ತು ಜಿಎಸ್‌ಟಿ ಸೇರಿ 3,160. ಉಳಿಯುವ ಬಡ್ಡಿಯೋ ಬರೀ 2,760. ಸಾಲ ಬೇಗ ತೀರಿಸಿ 400 ರೂಪಾಯಿ ಕೈಯಿಂದ ಹೋದಂತೆ! ಎಷ್ಟೋ ಜನ ಇದನ್ನು ನೋಡದೆ, ಸಾಲ ಮುಗಿದರೆ ಸಾಕೆಂಬ ಆತುರದಲ್ಲಿ ಕಟ್ಟಿಬಿಡುತ್ತಾರೆ. ಅದನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮ ಬಡ್ಡಿ ಸ್ಥಿರವೋ, ಕಾಲಕಾಲಕ್ಕೆ ಏರಿಳಿಯುವ ಫ್ಲೋಟಿಂಗೋ ಎಂಬುದನ್ನೂ ನೋಡಿಕೊಳ್ಳಿ. ವ್ಯಕ್ತಿಗಳಿಗೆ ಕೊಟ್ಟ ಫ್ಲೋಟಿಂಗ್ ಬಡ್ಡಿಯ ಅವಧಿ ಸಾಲಗಳಿಗೆ ಬ್ಯಾಂಕುಗಳು ಈ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಪರ್ಸನಲ್ ಲೋನ್ ಹೆಚ್ಚಾಗಿ ಸ್ಥಿರ ಬಡ್ಡಿಯದು, ಅದಕ್ಕೇ ಇಲ್ಲಿ ಶುಲ್ಕ ಕಾಣುತ್ತದೆ.

ತೀರಿಸುವ ಮುನ್ನ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಬಾಕಿ ಅಸಲು, ಶುಲ್ಕ, ಜಿಎಸ್‌ಟಿ ಜೊತೆಗೆ ಕಳೆದ ಕಂತಿನಿಂದ ಕಟ್ಟುವ ದಿನದವರೆಗಿನ ಬಡ್ಡಿಯೂ ಅದರಲ್ಲಿ ಬೇರೆಬೇರೆಯಾಗಿ ಇರುತ್ತದೆ. ಆ ಮೊತ್ತ ಯಾವ ದಿನಾಂಕದವರೆಗೆ ಎಂದು ಗಮನಿಸಿ. ಎರಡು ದಿನ ತಡವಾಗಿ, ಹಳೆಯ ಮೊತ್ತವನ್ನೇ ಕಟ್ಟಿದರೆ ಸಣ್ಣದೊಂದು ಬಾಕಿ ಉಳಿದು ಖಾತೆ ಮುಚ್ಚದೇ ಹೋಗಬಹುದು. ಹಣ ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದುಕೊಳ್ಳಿ, ಒಂದೆರಡು ತಿಂಗಳ ನಂತರ ನಿಮ್ಮ ಕ್ರೆಡಿಟ್ ವರದಿಯಲ್ಲಿ ಈ ಸಾಲ ‘Closed’ ಎಂದಾಗಿದೆಯೇ ನೋಡಿ.